ಹಿಂದಿನಿಂದ ತುಂಬಿದರೆ ಏನೂ ಅಳಿಸಿಹೋಗಲ್ಲ

ಲೀಟ್‌ಕೋಡ್‌ನ 88ನೇ ಪ್ರಶ್ನೆ ನಿಮ್ಮಲ್ಲಿ ಹಲವರು ನೋಡಿರ್ತೀರ. ಸಾರ್ಟ್ ಆದ ಎರಡು ಅರೇಗಳು. ಮೊದಲನೆಯದರ ಕೊನೆಯಲ್ಲಿ, ಎರಡನೆಯದು ಪೂರ್ತಿ ಹಿಡಿಸುವಷ್ಟು ಖಾಲಿ ಜಾಗ. ಎರಡನ್ನೂ ಮರ್ಜ್ ಮಾಡಿ ಮೊದಲನೆಯದರಲ್ಲೇ ಇಡಬೇಕು. ನಾನು ಮೊದಲ ಸಲ ಬರೆದ ಕೋಡ್ ಸ್ಯಾಂಪಲ್‌ಗೆ ಸರಿಯಾದ ಉತ್ತರ ಕೊಡ್ತು, ಸಬ್ಮಿಟ್ ಮಾಡಿದ ಮೇಲೆ `Wrong Answer` ಬಂತು. ತಪ್ಪು ಎಲ್ಲಿತ್ತು ಅನ್ನೋದನ್ನ ಒಂದು ಚಿಕ್ಕ ಉದಾಹರಣೆ ಇಟ್ಟುಕೊಂಡು ನೋಡೋಣ.

```
a = [4, 7, 9, _, _, _]    m = 3
b = [1, 2, 8]             n = 3
```

ಎಲ್ಲರಿಗೂ ಮೊದಲು ಹೊಳೆಯೋದು ಮುಂದಿನಿಂದ ತುಂಬೋದು. 4 ಮತ್ತು 1 ಹೋಲಿಸಿದರೆ 1 ಚಿಕ್ಕದು, ಅದನ್ನ `a[0]`ಯಲ್ಲಿ ಇಡಬೇಕು. ಆದರೆ ಅಲ್ಲಿ 4 ಕೂತಿದೆ. ಅದರ ಮೇಲೆ ಬರೆದರೆ 4 ಹೋಯ್ತು. ಅದನ್ನ ಉಳಿಸಬೇಕು ಅಂದ್ರೆ `a`ಯಲ್ಲಿರೋದನ್ನೆಲ್ಲ ಒಂದೊಂದು ಮನೆ ಬಲಕ್ಕೆ ಸರಿಸಬೇಕು. `b`ಯ ಪ್ರತಿ ಸಂಖ್ಯೆಗೂ ಇದೇ ಪಾಡು. ಎರಡರಲ್ಲೂ 1000 ಸಂಖ್ಯೆ ಇದ್ದು `b`ಯಲ್ಲಿರೋದೆಲ್ಲ ಚಿಕ್ಕದಾಗಿದ್ದರೆ, ಸರಿಸೋದೇ 10 ಲಕ್ಷ ಸಲ ಆಗುತ್ತೆ. `a`ಯನ್ನ ಬೇರೆ ಅರೇಗೆ ಕಾಪಿ ಮಾಡಿಕೊಂಡು ಶುರು ಮಾಡಬಹುದು, ಆದರೆ ಅದಕ್ಕೆ ಹೆಚ್ಚುವರಿ ಮೆಮೊರಿ ಬೇಕು.

ಖಾಲಿ ಜಾಗ ಇರೋದು ಕೊನೆಯಲ್ಲಿ. ಹಾಗಾದರೆ ಬರೆಯೋದನ್ನೂ ಕೊನೆಯಿಂದಲೇ ಶುರು ಮಾಡೋಣ, ಚಿಕ್ಕದರ ಬದಲು ದೊಡ್ಡದನ್ನ ಆರಿಸೋಣ.

```c
void merge(int a[], int m, int b[], int n) {
    int i = m - 1, j = n - 1, k = m + n - 1;
    while (j >= 0) {
        if (i >= 0 && a[i] > b[j])
            a[k--] = a[i--];
        else
            a[k--] = b[j--];
    }
}
```

`i` ಮತ್ತು `j` ಎರಡು ಅರೇಗಳ ಕೊನೆಯ ಸಂಖ್ಯೆಗಳ ಮೇಲಿವೆ, `k` ಬರೆಯಬೇಕಾದ ಮನೆಯ ಮೇಲಿದೆ. 9 ಮತ್ತು 8ರಲ್ಲಿ 9 ದೊಡ್ಡದು, ಅದು `a[5]`ಗೆ ಹೋಯ್ತು. 7 ಮತ್ತು 8ರಲ್ಲಿ 8 ಗೆದ್ದು `a[4]`ಗೆ ಬಂತು. ಆಮೇಲೆ 7 ಮತ್ತು 2ರಲ್ಲಿ 7 `a[3]`ಗೆ, 4 ಮತ್ತು 2ರಲ್ಲಿ 4 `a[2]`ಗೆ. ಇಲ್ಲಿ ನಿಲ್ಲಿಸಿ ಪ್ರಿಂಟ್ ಮಾಡಿದರೆ ಹೀಗೆ ಕಾಣುತ್ತೆ:

```
[4, 7, 4, 7, 8, 9]
```

4, 7 ಎರಡೆರಡು ಸಲ ಇವೆಯಲ್ಲ ಅಂತ ಗಾಬರಿ ಬೇಡ. ಎಡಗಡೆಯ 4 ಮತ್ತು 7 ಹಳೆಯ ಕಾಪಿಗಳು, ಅವುಗಳ ಕೆಲಸ ಮುಗಿದಿದೆ. ಈಗ `i` -1 ಆಗಿದೆ, `b`ಯಲ್ಲಿ 1 ಮತ್ತು 2 ಇನ್ನೂ ಉಳಿದಿವೆ. ಲೂಪ್ ಮುಂದುವರಿದು 2ನ್ನ `a[1]`ಗೆ, 1ನ್ನ `a[0]`ಗೆ ಹಾಕುತ್ತೆ. ಉತ್ತರ `[1, 2, 4, 7, 8, 9]`. ಒಟ್ಟು ಬರೆದದ್ದು ಆರೇ ಸಲ. ಮೇಲೆ ಹೇಳಿದ 1000ದ ಅರೇಗಳಿಗೆ 2000 ಸಲ ಸಾಕು.

ಇನ್ನೂ ಓದದ ಸಂಖ್ಯೆಯ ಮೇಲೆ ಯಾವತ್ತೂ ಬರೆಯಲ್ಲ ಅನ್ನೋಕೆ ಗ್ಯಾರಂಟಿ ಏನು? ಶುರುವಿನಲ್ಲಿ `k = i + j + 1`. ಪ್ರತಿ ಸುತ್ತಿನಲ್ಲಿ `k` ಒಂದು ಕಮ್ಮಿ ಆಗುತ್ತೆ, ಜೊತೆಗೆ `i` ಇಲ್ಲವೇ `j` ಒಂದು ಕಮ್ಮಿ ಆಗುತ್ತೆ. ಹಾಗಾಗಿ ಈ ಸಂಬಂಧ ಕೊನೆತನಕ ಕೆಡಲ್ಲ. ಅಂದ್ರೆ `k` ಮತ್ತು `i` ನಡುವಿನ ಅಂತರ `j + 1`, ಅದು `b`ಯಲ್ಲಿ ಉಳಿದಿರುವ ಸಂಖ್ಯೆಗಳ ಎಣಿಕೆ. `b`ಯಲ್ಲಿ ಒಂದಾದರೂ ಉಳಿದಿರೋವರೆಗೆ `k` ಯಾವಾಗಲೂ `i`ಗಿಂತ ಬಲಕ್ಕೇ ಇರುತ್ತೆ. ಅಲ್ಲಿರೋದು ಖಾಲಿ ಮನೆ, ಇಲ್ಲವೇ ಈಗಾಗಲೇ ಬೇರೆ ಕಡೆ ಹೋದ ಸಂಖ್ಯೆಯ ಹಳೆ ಮನೆ.

`b` ಖಾಲಿಯಾದಾಗ ಅಂತರ ಸೊನ್ನೆ. `a`ಯಲ್ಲಿ ಉಳಿದವು ಆಗಲೇ ತಮ್ಮ ಜಾಗದಲ್ಲೇ ಕೂತಿವೆ, ಮುಟ್ಟೋದೇ ಬೇಡ. ಅದಕ್ಕೇ ಲೂಪಿನ ಷರತ್ತು ಬರೀ `j >= 0`.

ನಾನು ಎಡವಿದ್ದು ಇಲ್ಲೇ. `while (i >= 0 && j >= 0)` ಅಂತ ಬರೆದು, `b`ಯಲ್ಲಿ ಉಳಿದದ್ದನ್ನ ಕಾಪಿ ಮಾಡೋದು ಮರೆತಿದ್ದೆ. ಆ ಪ್ರಶ್ನೆಯ ಮೊದಲ ಸ್ಯಾಂಪಲ್ `[1, 2, 3]` ಮತ್ತು `[2, 5, 6]`. ಅದರಲ್ಲಿ `b` ಮೊದಲು ಖಾಲಿಯಾಗುತ್ತೆ, ಹಾಗಾಗಿ ತಪ್ಪು ಕಾಣಿಸೋದೇ ಇಲ್ಲ. ನಮ್ಮ ಉದಾಹರಣೆ ಕೊಟ್ಟರೆ ಮಾತ್ರ ಆ ಕೋಡ್ `[4, 7, 4, 7, 8, 9]` ಅಂತ ಅರ್ಧಕ್ಕೇ ನಿಲ್ಲುತ್ತೆ. ಉತ್ತರದ ಮುಂಭಾಗದಲ್ಲಿ ಹಳೆ ಸಂಖ್ಯೆಗಳು ಹಾಗೇ ಉಳಿದಿದ್ದರೆ ಕಾರಣ ಇದೇ ಅಂತ ತಿಳ್ಕೊಳ್ಳಿ.

ಆದ್ದರಿಂದ ಟೆಸ್ಟ್ ಮಾಡುವಾಗ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ `b`ಯಲ್ಲಿರುವ ಒಂದು ಕೇಸ್ ಕೊಡಿ. `m = 0` ಕೂಡ ಕೊಟ್ಟು ನೋಡಿ. ಆಗ `i` ಶುರುವಿನಲ್ಲೇ -1. `if` ಒಳಗೆ `i >= 0` ಮೊದಲು ಬರೆದಿರೋದು ಇದಕ್ಕೇ. ಎರಡನ್ನೂ ಅದಲುಬದಲು ಮಾಡಿದರೆ ಸಿ ಭಾಷೆಯಲ್ಲಿ `a[-1]` ಓದಿದ ಹಾಗಾಗುತ್ತೆ, ಅದು ಒಮ್ಮೊಮ್ಮೆ ಏನೂ ಆಗದಂತೆ ಓಡಿ ಇನ್ನೊಮ್ಮೆ ಕೈ ಕೊಡುತ್ತೆ.