‘ಸಿಎಸ್ 180 ಸೀಟು, ಫೀಸ್ 1 ಲಕ್ಷ’: ಕಾಲೇಜು ಬ್ರೋಷರ್‌ನ ಸಾರಾಂಶದಲ್ಲಿ ಬಿಟ್ಟುಹೋಗುವುದೇನು?

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಫಾರ್ವರ್ಡ್‌ಗಳು ಶುರುವಾಗುತ್ತವೆ. ಮೂವತ್ತು ನಲವತ್ತು ಪುಟದ ಬ್ರೋಷರನ್ನು ಯಾರೋ ಪುಣ್ಯಾತ್ಮರು ಓದಿ ನಾಲ್ಕು ಸಾಲಿಗೆ ಇಳಿಸಿರುತ್ತಾರೆ. ಮಾದರಿಗೆ ನಾವೇ ಬರೆದ ಒಂದು ಸಂದೇಶ ನೋಡಿ:

“ಕಂಪ್ಯೂಟರ್ ಸೈನ್ಸ್ 180 ಸೀಟು. ಫೀಸ್ 1 ಲಕ್ಷ. ಸಿಇಟಿ ಮೂಲಕ ಸೀಟು. ಕೊನೆಯ ದಿನ 20. ಎಲ್ಲರಿಗೂ ಕಳಿಸಿ.”

ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೂ ಇದನ್ನು ನಂಬಿ ಲೆಕ್ಕ ಹಾಕಿದ ಕುಟುಂಬ ಸೀಟಿನಲ್ಲೂ ದುಡ್ಡಿನಲ್ಲೂ ಎಡವುತ್ತದೆ. ಬ್ರೋಷರ್‌ನಲ್ಲಿ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಒಂದು ಷರತ್ತು ಇರುತ್ತದೆ. ಸಾರಾಂಶ ಮಾಡುವಾಗ ಸಂಖ್ಯೆ ಉಳಿದು ಷರತ್ತು ಉದುರಿಹೋಗುತ್ತದೆ.

ಸೀಟಿನ ಸಾಲನ್ನೇ ಮೊದಲು ನೋಡೋಣ. 180 ಎನ್ನುವುದು ಆ ವಿಭಾಗದ ಒಟ್ಟು ಪ್ರವೇಶ ಮಿತಿ. ಅಷ್ಟೂ ಸೀಟು ನಿಮ್ಮ ಮಗಳಿಗೆ ತೆರೆದಿದೆ ಎಂದು ಅದರ ಅರ್ಥವಲ್ಲ. ಕರ್ನಾಟಕದ ಅನುದಾನರಹಿತ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45 ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ರ‍್ಯಾಂಕ್ ಮೇಲೆ ಹಂಚುತ್ತದೆ. ಶೇ 30 ಕಾಮೆಡ್‌-ಕೆ ಪಾಲಿಗೆ ಹೋಗುತ್ತದೆ. ಉಳಿದ ಶೇ 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ ಕೋಟಾ. ಈ ಲೆಕ್ಕದಲ್ಲಿ 180ರಲ್ಲಿ ಸಿಇಟಿಯಿಂದ ಸಿಗುವುದು 81, ಕಾಮೆಡ್‌-ಕೆಯಿಂದ 54, ಕಾಲೇಜು ತಾನೇ ತುಂಬುವುದು 45. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ಪಾಲು ಬೇರೆ.

ಆ 81 ಕೂಡ ಒಂದೇ ರಾಶಿಯಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂದು ಅದು ಒಡೆಯುತ್ತದೆ. ಇದರೊಳಗೇ ಗ್ರಾಮೀಣ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದವರಿಗೆ 371-ಜೆ ಎಂಬ ಮೀಸಲಾತಿಗಳಿವೆ. ಕೊನೆಗೆ ಒಬ್ಬ ವಿದ್ಯಾರ್ಥಿ ನಿಜವಾಗಿ ಸ್ಪರ್ಧಿಸುವ ಸೀಟುಗಳು 180ರ ಸಣ್ಣ ಭಾಗ ಮಾತ್ರ. ಆದ್ದರಿಂದ ಬ್ರೋಷರ್‌ನಿಂದ ಒಟ್ಟು ಸಂಖ್ಯೆಯನ್ನು ಬರೆದುಕೊಂಡರೂ, ನಿಮ್ಮ ಪಾಲಿನ ಸಂಖ್ಯೆಯನ್ನು ಕೆಇಎ ಪ್ರಕಟಿಸುವ ಸೀಟ್ ಮ್ಯಾಟ್ರಿಕ್ಸ್‌ನಿಂದಲೇ ತೆಗೆದುಕೊಳ್ಳಿ. ಸೂಪರ್‌ನ್ಯೂಮರರಿ ಕೋಟಾ, ಅಂದರೆ ಎಸ್‌ಎನ್‌ಕ್ಯೂ, ಎಂಬ ಇನ್ನೊಂದು ಸಾಲು ಅಲ್ಲಿ ಸಿಗಬಹುದು. ಆದಾಯ ಮಿತಿಯೊಳಗಿರುವ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಕೊಡುವ ಈ ಸೀಟುಗಳು ಒಟ್ಟು ಮಿತಿಯ ಹೊರಗಿನವು. ಫಾರ್ವರ್ಡ್‌ಗಳಲ್ಲಿ ಇವುಗಳ ಸುದ್ದಿಯೇ ಇರುವುದಿಲ್ಲ. ಹೆಚ್ಚು ಅಗತ್ಯವಿದ್ದವರಿಗೇ ಮಾಹಿತಿ ತಲುಪದೆ ಹೋಗುವುದು ಇಲ್ಲಿಯೇ.

ಇನ್ನು ಫೀಸ್. ಒಂದು ಲಕ್ಷ ಎಂದರೆ ಯಾವ ಲಕ್ಷ? ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಸಿಇಟಿ ಸೀಟಿನವನಿಗೂ ಕಾಮೆಡ್‌-ಕೆ ಸೀಟಿನವಳಿಗೂ ಶುಲ್ಕ ಬೇರೆ, ಮ್ಯಾನೇಜ್‌ಮೆಂಟ್ ಸೀಟಿನದು ಮತ್ತೂ ಬೇರೆ. ಆದ್ದರಿಂದ ಕೋಟಾ ಹೇಳದ ಶುಲ್ಕದ ಅಂಕಿಯಿಂದ ಪ್ರಯೋಜನವಿಲ್ಲ. ಮುಂದಿನ ಪ್ರಶ್ನೆ, ಅದು ವರ್ಷಕ್ಕೋ ಸೆಮಿಸ್ಟರ್‌ಗೋ ಎಂಬುದು. ಸೆಮಿಸ್ಟರ್‌ಗೆ ಎಂದಿದ್ದರೆ ವರ್ಷದ ಮೊತ್ತ ನೇರವಾಗಿ ಎರಡು ಪಟ್ಟಾಗುತ್ತದೆ.

ಆಮೇಲೆ ಬೋಧನಾ ಶುಲ್ಕದ ಆಚೆಗಿನ ವೆಚ್ಚ. ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಬರೀ ಉದಾಹರಣೆಗೆ. ಬೋಧನಾ ಶುಲ್ಕ ವರ್ಷಕ್ಕೆ 1 ಲಕ್ಷ, ನಾಲ್ಕು ವರ್ಷಕ್ಕೆ 4 ಲಕ್ಷ. ಪ್ರಯೋಗಾಲಯ, ತರಬೇತಿ, ವಿಶ್ವವಿದ್ಯಾಲಯ ಶುಲ್ಕ ಎಂದು ‘ಇತರ ಶುಲ್ಕ’ ವರ್ಷಕ್ಕೆ 25 ಸಾವಿರ, ಒಟ್ಟು 1 ಲಕ್ಷ. ಸೇರುವಾಗ ಒಂದೇ ಸಲ ಕಟ್ಟುವುದು 15 ಸಾವಿರ. ಹಾಸ್ಟೆಲ್ ವರ್ಷಕ್ಕೆ 90 ಸಾವಿರ, ಒಟ್ಟು 3 ಲಕ್ಷ 60 ಸಾವಿರ. ಎಲ್ಲ ಕೂಡಿಸಿದರೆ 8 ಲಕ್ಷ 75 ಸಾವಿರ. ಫಾರ್ವರ್ಡ್ ಓದಿ ನಾಲ್ಕು ಲಕ್ಷ ಸಾಕೆಂದು ಶಿಕ್ಷಣ ಸಾಲ ಕೇಳಿದ ಅಪ್ಪ ಎರಡನೇ ವರ್ಷಕ್ಕೇ ಕೈಸಾಲಕ್ಕೆ ಓಡಾಡಬೇಕಾಗುತ್ತದೆ. ಬ್ರೋಷರ್‌ನಲ್ಲಿ ಈ ಇತರ ಶುಲ್ಕದ ಪಟ್ಟಿ ಇಲ್ಲದಿದ್ದರೆ ಕಾಲೇಜಿನಿಂದ ಬರಹದಲ್ಲಿ ಕೇಳಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದು ಕೌಂಟರ್‌ನಲ್ಲಿ ನಡೆಯುವುದಿಲ್ಲ.

“ಸಿಇಟಿ ಮೂಲಕ” ಎಂಬ ಎರಡು ಪದದಲ್ಲೂ ಒಂದು ಮುಖ್ಯ ಸಂಗತಿ ಅಡಗಿಹೋಗಿದೆ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಪಿಯುಸಿಯ ಈ ಮೂರರಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 108 ಪಡೆದವಳಿಗೆ 45 ಮತ್ತು 30 ಸೇರಿ 75. ಪಿಯುಸಿಯಲ್ಲಿ 240, ಸಿಇಟಿಯಲ್ಲಿ 126 ಪಡೆದವನಿಗೆ 40 ಮತ್ತು 35 ಸೇರಿ ಅದೇ 75. ಕಾಮೆಡ್‌-ಕೆಯಲ್ಲಿ ಹಾಗಲ್ಲ, ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕ್ ಪ್ರವೇಶ ಪರೀಕ್ಷೆಯ ಅಂಕದ ಮೇಲೆ. ಕೊರೊನಾದಿಂದ ಪಿಯುಸಿ ಪರೀಕ್ಷೆ ನಡೆಯದ 2021ರಲ್ಲಿ ಸಿಇಟಿಯಲ್ಲೂ ಪಿಯುಸಿ ಅಂಕ ಬಿಟ್ಟು ರ‍್ಯಾಂಕ್ ಕೊಟ್ಟಿದ್ದರು. ಆ ವರ್ಷದ ಸಂದೇಶವೊಂದು ಇವತ್ತು ನಿಮ್ಮ ಗುಂಪಿಗೆ ಬಂದರೆ ಅದು ಪೂರ್ತಿ ದಾರಿ ತಪ್ಪಿಸುತ್ತದೆ. ಹಾಗಾಗಿ ಶೈಕ್ಷಣಿಕ ವರ್ಷ ನಮೂದಿಸದ ಸಾರಾಂಶವನ್ನು ಮುಂದೆ ಕಳಿಸಬೇಡಿ.

ಕೋರ್ಸಿನ ವಿಷಯದಲ್ಲಿ ಎರಡೇ ಮಾತು. ಪಟ್ಟಿಯ ಕೆಳಗೆ ನಕ್ಷತ್ರ ಚಿಹ್ನೆಯೊಂದಿಗೆ ಸಣ್ಣ ಅಕ್ಷರದಲ್ಲಿ ‘ಅನುಮೋದನೆ ನಿರೀಕ್ಷೆಯಲ್ಲಿ’ ಎಂದಿದೆಯೇ ನೋಡಿ. ಇದ್ದರೆ ಆ ಕೋರ್ಸು ಇನ್ನೂ ಖಚಿತವಲ್ಲ. ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ ಸಿಗುವುದು, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ‘ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು’ ಎಂದಿದ್ದರೆ ಯಾವ ವಿಭಾಗಕ್ಕೆ ಎಂದು ಕೇಳಬೇಕು.

ಕೊನೆಯದಾಗಿ ‘ಕೊನೆಯ ದಿನ 20’. ಪ್ರವೇಶದಲ್ಲಿ ಕೊನೆಯ ದಿನಗಳು ಹಲವು: ಅರ್ಜಿಗೆ, ಆಪ್ಷನ್ ಎಂಟ್ರಿಗೆ, ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ ದಾಖಲಿಸಲು, ಶುಲ್ಕ ಕಟ್ಟಲು, ಕಾಲೇಜಿಗೆ ಹಾಜರಾಗಲು. ಕಾಲೇಜಿನ ಬ್ರೋಷರ್‌ನಲ್ಲಿರುವ ದಿನ ಬಹಳ ಸಲ ಮ್ಯಾನೇಜ್‌ಮೆಂಟ್ ಸೀಟಿನ ಅರ್ಜಿಯದ್ದು. ಸಿಇಟಿ ಸೀಟಿನ ದಿನಗಳನ್ನು ನಿಗದಿ ಮಾಡುವುದು ಕೆಇಎ, ಅವು ಮುಂದಕ್ಕೂ ಹೋಗುತ್ತವೆ. ಹೆಚ್ಚು ಜನ ಎಡವುವುದು ಚಾಯ್ಸ್ ದಾಖಲಿಸುವಲ್ಲಿ. ಸೀಟು ಬಂತೆಂದು ಸಂಭ್ರಮಿಸಿ, ಒಪ್ಪುತ್ತೇವೋ ಮುಂದಿನ ಸುತ್ತಿಗೆ ಹೋಗುತ್ತೇವೋ ಎಂದು ಗಡುವಿನೊಳಗೆ ತಿಳಿಸದಿದ್ದರೆ ಬಂದ ಸೀಟೂ ಕೈತಪ್ಪಬಹುದು.

ಇಷ್ಟನ್ನೂ ಸೇರಿಸಿದರೆ ಫಾರ್ವರ್ಡ್ ಬಹಳವೇನೂ ಉದ್ದವಾಗುವುದಿಲ್ಲ. ಮೇಲಿನ ಉದಾಹರಣೆಯನ್ನೇ ಹೀಗೆ ಬರೆಯಬಹುದು:

“ಇದು ಈ ಶೈಕ್ಷಣಿಕ ವರ್ಷದ ಬ್ರೋಷರ್‌ನಿಂದ (ವರ್ಷ ಬರೆಯಿರಿ). ಕಂಪ್ಯೂಟರ್ ಸೈನ್ಸ್ ಒಟ್ಟು 180, ಅದರಲ್ಲಿ ಸಿಇಟಿ ಪಾಲು 81. ನಿಮ್ಮ ವರ್ಗದ ಸಂಖ್ಯೆ ಕೆಇಎ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ. ಸಿಇಟಿ ಸೀಟಿಗೆ ಬೋಧನಾ ಶುಲ್ಕ ವರ್ಷಕ್ಕೆ 1 ಲಕ್ಷ, ಇತರ ಶುಲ್ಕ 25 ಸಾವಿರ, ಸೇರುವಾಗ ಒಮ್ಮೆ 15 ಸಾವಿರ, ಹಾಸ್ಟೆಲ್ ವರ್ಷಕ್ಕೆ 90 ಸಾವಿರ. ರ‍್ಯಾಂಕ್: ಸಿಇಟಿ ಅರ್ಧ, ಪಿಯುಸಿ ಅರ್ಧ. 20ನೇ ತಾರೀಕು ಮ್ಯಾನೇಜ್‌ಮೆಂಟ್ ಅರ್ಜಿಗೆ ಮಾತ್ರ. ಸಿಇಟಿ ದಿನಗಳಿಗೆ cetonline.karnataka.gov.in ನೋಡಿ.”