ಹಳಕಟ್ಟಿ ಜಯಂತಿ: ಸ್ಮರಣೀಯರ ಹಾಗೂ ಉಪನ್ಯಾಸಕರ ಪರಿಚಯ



ಜುಲೈ 2 ಡಾ. ಫ.ಗು. ಹಳಕಟ್ಟಿಯವರ ಜನ್ಮದಿನ. ಹುಳಿಯಾರಿನಲ್ಲಿ ಈ ಜಯಂತಿಯನ್ನು ನಡೆಸುವಾಗ ವೇದಿಕೆಯಲ್ಲಿ ಎರಡು ಪರಿಚಯಗಳಾಗಬೇಕು. ಒಂದು ಸ್ಮರಣೀಯರದು, ಇನ್ನೊಂದು ಉಪನ್ಯಾಸಕರದು. ಇವೆರಡೂ ಒಂದೇ ಎಳೆಯಲ್ಲಿ ಸಾಗಬೇಕೆಂಬುದು ನಮ್ಮ ಅಭಿಪ್ರಾಯ.

‘ವಚನ ಪಿತಾಮಹ’ ಎಂಬ ಬಿರುದನ್ನಷ್ಟೇ ಹೇಳಿದರೆ ಅದರ ಕಾರಣ ಸಭೆಗೆ ತಿಳಿಯದು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಆಗ ವಚನಗಳ ಬಹುಭಾಗ ಮನೆ, ಮಠಗಳ ತಾಳೆಗರಿ ಕಟ್ಟುಗಳಲ್ಲಿತ್ತು. ಕಟ್ಟುಗಳಿಗೆ ಪೂಜೆ ಸಲ್ಲುತ್ತಿತ್ತು, ಓದುವವರು ವಿರಳ; ಗರಿಯನ್ನು ಹುಳು ತಿಂದರೆ ವಚನವೇ ಇಲ್ಲವಾಗುತ್ತಿತ್ತು. ಅವರು ಊರೂರು ಅಲೆದು ಕಟ್ಟುಗಳನ್ನು ಸಂಗ್ರಹಿಸಿದರು, ಪ್ರತಿ ಮಾಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಮುಂದೆ ಸ್ವಂತ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮನೆ ಹೋಯಿತು, ವಚನ ಉಳಿಯಿತು. ಪರಿಚಯದ ತಿರುಳು ಇಷ್ಟೇ.

ಉಪನ್ಯಾಸಕರ ಪರಿಚಯವೂ ಇದಕ್ಕೆ ಹೊಂದಿಕೊಳ್ಳಲಿ. ಅವರ ಎಲ್ಲ ಪದವಿ, ಪ್ರಶಸ್ತಿಗಳನ್ನು ಓದುವುದಕ್ಕಿಂತ ಹಸ್ತಪ್ರತಿಯನ್ನೋ ವಚನ ಸಂಪಾದನೆಯನ್ನೋ ಕುರಿತು ಅವರು ಮಾಡಿದ ಒಂದು ಕೆಲಸವನ್ನು ಹೇಳಿದರೆ, ಈ ದಿನ ಅವರೇ ಏಕೆ ಮಾತನಾಡಬೇಕೆಂಬುದು ಸಭೆಗೆ ಮನವರಿಕೆಯಾಗುತ್ತದೆ. ಹೆಸರು, ಊರು, ಕೃತಿಗಳನ್ನು ಮುನ್ನಾದಿನವೇ ಅವರಿಂದ ಕೇಳಿ ಬರೆದುಕೊಳ್ಳಬೇಕು. ಅವರು ಹೇಳಲಿರುವ ವಿಷಯವನ್ನು ಪರಿಚಯಿಸುವವರೇ ಹೇಳಿಬಿಡಬಾರದು. ಎರಡು ನಿಮಿಷ ಸಾಕು. ಉಳಿದ ಸಮಯ ಉಪನ್ಯಾಸಕರದು.