ಜರ್ಮನಿಯಲ್ಲಿ ಕಟ್ಟಿದ ತೆರಿಗೆ, ಬೆಂಗಳೂರಿನಲ್ಲಿ ಲೆಕ್ಕ

ಬೆಂಗಳೂರಿನ ಎಂಜಿನಿಯರ್ ಒಬ್ಬರನ್ನು ಕಂಪನಿ 2024ರ ಅಕ್ಟೋಬರ್‌ನಿಂದ ನಾಲ್ಕು ತಿಂಗಳು ಜರ್ಮನಿಗೆ ಕಳಿಸಿತು ಎಂದುಕೊಳ್ಳಿ. ಸಂಬಳ ಕೊಟ್ಟದ್ದು ಅಲ್ಲಿನ ಶಾಖೆ. ರೂಪಾಯಿ ಲೆಕ್ಕದಲ್ಲಿ 16 ಲಕ್ಷ. ಅದರಲ್ಲಿ 4 ಲಕ್ಷ ಅಲ್ಲೇ ತೆರಿಗೆಯಾಗಿ ಕಡಿತವಾಯಿತು. ವರ್ಷದ ಬಹುಭಾಗ ಭಾರತದಲ್ಲಿದ್ದ ಅವರು ಇಲ್ಲಿನ ನಿವಾಸಿ. ಹಾಗಾಗಿ ಆ 16 ಲಕ್ಷಕ್ಕೆ ಇಲ್ಲೂ ತೆರಿಗೆ.

ಎರಡು ದೇಶಗಳ ಒಪ್ಪಂದ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಅವರ ಸರಾಸರಿ ತೆರಿಗೆ ದರ ಭಾರತದಲ್ಲಿ ಶೇ. 24 ಆದರೆ, ಆ ಸಂಬಳದ ಪಾಲಿನ ತೆರಿಗೆ 3.84 ಲಕ್ಷ. ಎರಡರಲ್ಲಿ ಕಡಿಮೆ ಇರುವಷ್ಟೇ ಜಮೆ. ಉಳಿದ 16 ಸಾವಿರ ಹೋಯಿತು. ಅಲ್ಲಿನ ಪಿಂಚಣಿ, ಆರೋಗ್ಯ ವಿಮೆಯ ಕಡಿತಗಳು ತೆರಿಗೆಯಲ್ಲ, ಅವನ್ನು ಸೇರಿಸುವಂತಿಲ್ಲ.

ದಾಖಲೆಯದೇ ತಲೆನೋವು. ಜರ್ಮನಿಯ ವರ್ಷ ಜನವರಿಗೆ ಶುರು, ನಮ್ಮದು ಏಪ್ರಿಲ್‌ಗೆ. ಹೀಗಾಗಿ ಮೂರು ತಿಂಗಳ ಕಡಿತ 2024ರ ಪ್ರಮಾಣಪತ್ರದಲ್ಲಿ, ಜನವರಿಯದು 2025ರದರಲ್ಲಿ. ಎರಡನೆಯದು ಕೈಸೇರದಿದ್ದರೆ ಸಂಬಳ ಚೀಟಿಯೊಂದಿಗೆ ಸ್ವತಃ ಸಹಿ ಮಾಡಿದ ವಿವರಣೆಯೂ ನಡೆಯುತ್ತದೆ. ಯೂರೋ ಪರಿವರ್ತನೆಗೆ, ತೆರಿಗೆ ಕಡಿತವಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರ ಬಳಸಬೇಕು.

ಇವೆಲ್ಲ ಆನ್‌ಲೈನ್‌ನ ಫಾರಂ 67ಕ್ಕೆ ಸೇರುತ್ತವೆ. ಈ ಪ್ರಕರಣಕ್ಕೆ ಗಡುವು 2026ರ ಮಾರ್ಚ್ 31. ರಿಟರ್ನ್‌ನಲ್ಲಿ ಮಾತ್ರ ತೋರಿಸಿ ಫಾರಂ ಮರೆತರೆ, ಜಮೆ ಕೈಬಿಟ್ಟು ಬಾಕಿ ಕೇಳುವ ನೋಟಿಸ್ ಬರುವುದುಂಟು. ಫಾರಂ ತಡವಾದ ಮಾತ್ರಕ್ಕೆ ಹಕ್ಕು ಹೋಗದು ಎಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಹೇಳಿದೆ, ನಿಜ. ಆದರೆ ಅಲ್ಲಿಯವರೆಗೆ ಅಲೆಯುವುದು ಯಾರಿಗೆ ಬೇಕು?